ಅರ್ಧಂಬರ್ಧ ಬಂದ ಆರ್ಡರ್ ಮೆಸೇಜನ್ನು ನಾನು ಓದುವ ರೀತಿ

ಹೋಳಿಗೆ ಆರ್ಡರ್ ವಾಟ್ಸಾಪ್‌ನಲ್ಲಿ ತಗೊಳ್ಳುವವರಿಗೆಲ್ಲ ಈ ತಲೆನೋವು ಗೊತ್ತು. ಗಿರಾಕಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡ್ತಾರೆ, ಅವರ ಕೀಬೋರ್ಡ್ ಅದನ್ನು ತಪ್ಪು ಇಂಗ್ಲಿಷ್ ಅಂದುಕೊಂಡು ತಿದ್ದಿಬಿಡುತ್ತೆ. "ಫೋನ್ ಮಾಡಿ ಕೇಳಿದ್ರೆ ಮುಗೀತು, ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀಯಾ" ಅಂತ ನಮ್ಮನೆಯವರೂ ಅಕ್ಕನೂ ಹೇಳ್ತಿದ್ರು. ಯುಗಾದಿ ಹಿಂದಿನ ದಿನ ನೂರಕ್ಕೂ ಹೆಚ್ಚು ಮೆಸೇಜ್ ಬರುತ್ತೆ, ಆಫೀಸಲ್ಲಿರುವವರು ಫೋನ್ ಎತ್ತಲ್ಲ. ಒಂದು ಹಬ್ಬಕ್ಕೆ ಹೀಗೇ ಮೂರು ಸಾವಿರ ರೂಪಾಯಿಯಷ್ಟು ಹೋಳಿಗೆ ಉಳಿದುಹೋಗಿತ್ತು.

ಮೊದಲು ಗಿರಾಕಿಗಳಿಗೆ ಕನ್ನಡ ಕೀಬೋರ್ಡ್ ಹಾಕಿಕೊಳ್ಳಿ ಅಂದೆ. ನಾಲ್ಕೈದು ಜನ ಹಾಕಿಕೊಂಡ್ರು, ಅಷ್ಟೇ. ಆಮೇಲೆ ವಾಯ್ಸ್ ಮೆಸೇಜ್ ಕಳಿಸಿ ಅಂದೆ. ಗ್ರೈಂಡರ್ ಸದ್ದಿನಲ್ಲಿ ಕೇಳಿಸಲ್ಲ, ಸಂಜೆ ಲೆಕ್ಕಕ್ಕೆ ಹುಡುಕಿದ್ರೆ ಸಿಗಲ್ಲ. ಕೊನೆಗೆ, ಬಂದ ಮೆಸೇಜನ್ನೇ ಸರಿಯಾಗಿ ಓದೋದು ಕಲಿಯೋಣ ಅಂತ ಕೂತೆ.

ಹೋದ ಹಬ್ಬದಲ್ಲಿ ಬಂದ ಒಂದು ಆರ್ಡರ್ ಹೀಗಿತ್ತು:

```
Male 60 kayi holige beds. Holige sanje are gante ge kodi
```

ನಮ್ಮ ಅಡುಗೆಮನೆ ಹುಡುಗಿ ಇದನ್ನು ನೋಡಿ ಅರವತ್ತು ಕಾಯಿ ಹೋಳಿಗೆಗೆ ಕಾಯಿ ತುರಿಯೋಕೆ ಶುರು ಮಾಡ್ತಿದ್ಲು. ನಾನು ನಿಲ್ಲಿಸಿದೆ.

ನಾನು ಮೊದಲು ನೋಡೋದು ಸಣ್ಣ ಪದಗಳನ್ನು. `holige`ಗೆ ಹತ್ತಿರದ ಇಂಗ್ಲಿಷ್ ಪದ ಇಲ್ಲ, ಹಾಗಾಗಿ ಅದು ಸಾಮಾನ್ಯವಾಗಿ ಉಳಿಯುತ್ತೆ. ಅಂಕಿಯಲ್ಲಿ ಬರೆದ 60 ಕೂಡ ಹಾಗೇ ಉಳಿಯುತ್ತೆ. ಹಾಳಾಗೋದು ಮೂರು-ನಾಲ್ಕು ಅಕ್ಷರದವು, ಆರ್ಡರ್ ನಿಂತಿರೋದೇ ಅವುಗಳ ಮೇಲೆ: ನಾಳೆ, ಬೇಡ, ಆರು. ಕೀಬೋರ್ಡ್‌ನಲ್ಲಿ `m` ಪಕ್ಕ `n` ಇದೆ, ಹಾಗಾಗಿ `Male` ಅಂದ್ರೆ `Nale`. `s` ಪಕ್ಕ `a`, `beds` ಅಂದ್ರೆ `beda`. `are` ಮುಂದೆ `gante` ಇದೆ, ಹಿಂದೆ `sanje` ಇದೆ, ಅಲ್ಲಿಗೆ ಅದು `aru`.

ಅಲ್ಲಿಗೆ ಕಾಯಿ ಹೋಳಿಗೆ ಬೇಡ ಅಂತಾಯ್ತು. ಬೇಕಾಗಿರೋದು ಯಾವುದು?

ಅದಕ್ಕೆ ಉತ್ತರ ಆ ಚುಕ್ಕಿಯಲ್ಲಿದೆ. ವಾಟ್ಸಾಪ್‌ನಲ್ಲಿ ನಮ್ಮ ಗಿರಾಕಿಗಳು ಯಾರೂ ಕೂತು ಪೂರ್ಣವಿರಾಮ ಹಾಕಲ್ಲ. ಸ್ಪೇಸ್ ಎರಡು ಸಲ ಬೇಗ ಒತ್ತಿದ್ರೆ ಕೀಬೋರ್ಡೇ ಚುಕ್ಕಿ ಹಾಕಿ, ಮುಂದಿನ ಅಕ್ಷರವನ್ನು ದೊಡ್ಡದು ಮಾಡುತ್ತೆ. ಬೆರಳು ಎಳೆದು ಬರೆಯುವವರು ಒಂದು ಸಲ ಅಳಿಸುವ ಕೀ ಒತ್ತಿದ್ರೆ ಅಕ್ಷರ ಅಲ್ಲ, ಇಡೀ ಪದವೇ ಹೋಗುತ್ತೆ. ಪದ ಹೋಗಿ ಸ್ಪೇಸ್ ಉಳಿದು, ಮತ್ತೊಂದು ಸ್ಪೇಸ್ ಬಿದ್ರೆ ಈ ಗುರುತು ಬರುತ್ತೆ. ಕೆಲವು ಸಲ ಚುಕ್ಕಿ ಬರದೆ ಬರೀ ಅಗಲವಾದ ಖಾಲಿ ಜಾಗ ಕಾಣುತ್ತೆ. ಇಲ್ಲಿ `Holige` ಮುಂಚೆ ಒಂದು ಪದ ಹೋಗಿದೆ. ನಾನು ಮಾಡೋದು ಎರಡೇ ಥರ, ಕಾಯಿ ಬೇಡ ಅಂದಮೇಲೆ ಅದು ಬೇಳೆ.

"ನಾಳೆ ಸಂಜೆ 6ಕ್ಕೆ 60 ಬೇಳೆ ಹೋಳಿಗೆ, ಕಾಯಿ ಹೋಳಿಗೆ ಬೇಡ, ಸರಿನಾ?" ಅಂತ ಕಳಿಸಿದೆ. ಅರ್ಥ ಆಗ್ಲಿಲ್ಲ ಅಂತ ನಾನು ಯಾವತ್ತೂ ಬರೆಯಲ್ಲ. ಹಾಗೆ ಬರೆದ್ರೆ ಅವರು ಅದೇ ಕೀಬೋರ್ಡಲ್ಲಿ ಇನ್ನೊಂದು ಉದ್ದ ಮೆಸೇಜ್ ಕಳಿಸ್ತಾರೆ. ಉತ್ತರ ಬಂತು: `Howdy`. `y` ಪಕ್ಕ `u`. ಹೌದು ಅಂತ. ಕಾಯಿ ಹೋಳಿಗೆ ಮಾಡಿಬಿಟ್ಟಿದ್ರೆ ಸಾವಿರದ ಎಂಟುನೂರು ರೂಪಾಯಿಯಷ್ಟು ಮಾಲು ಉಳಿಯೋದು.

ಅನುಮಾನ ಇದ್ದಾಗ ಪರೀಕ್ಷೆ ಮಾಡೋಕೆ ಎರಡೂವರೆ ಸಾವಿರದ ಆಸುಪಾಸಲ್ಲಿ ಒಂದು ಹಳೇ ಫೋನ್ ತಗೊಂಡಿದ್ದೀನಿ. ಅದರಲ್ಲಿ ಇಂಗ್ಲಿಷ್ ತಿದ್ದುಪಡಿ ಆನ್ ಇಟ್ಟು, ಅದು ಕಲಿತ ಪದಗಳನ್ನು ಆಗಾಗ ಅಳಿಸ್ತೀನಿ. ನನ್ನ ಊಹೆಯ ಪದ ಹೊಡೆದು ಸ್ಪೇಸ್ ಒತ್ತಿದಾಗ ಗಿರಾಕಿ ಕಳಿಸಿದ ಪದವೇ ಬಂದ್ರೆ ಊಹೆ ಸರಿ. ಬರಲಿಲ್ಲ ಅಂದ್ರೆ ಊಹೆ ತಪ್ಪು ಅಂತಲ್ಲ, ಒಂದೊಂದು ಫೋನ್ ಕಲಿತಿರೋದು ಒಂದೊಂದು ಥರ. ಹೀಗೆ ಮಾಡಿದ ಪಟ್ಟಿ ಒಲೆ ಪಕ್ಕ ಗೋಡೆ ಮೇಲಿದೆ. ಅದನ್ನು ಪೂರ್ತಿ ಇಲ್ಲಿ ಹಾಕಲ್ಲ, ಎರಡು ವರ್ಷದ ದುಡಿಮೆ ಅದು.

ಈ ಉಪಾಯ ಸೋಲೋದು `nooru`, `mooru` ಥರದಲ್ಲಿ. ಎರಡೂ ಕನ್ನಡವೇ, ಒಂದು ಇನ್ನೊಂದಾಗಿದ್ರೆ ಯಾವ ಗುರುತೂ ಉಳಿಯಲ್ಲ. ಅದಕ್ಕೆ ಲೆಕ್ಕವನ್ನು ಅಂಕಿಯಲ್ಲೇ ಬರೆಸಿಕೊಳ್ತೀನಿ.

ಈಗ ಮಂಗಳೂರು ಕಡೆಯ ಗಿರಾಕಿಗಳ ತುಳು ಮೆಸೇಜ್ ಮೇಲೆ ಪ್ರಯೋಗ ನಡೀತಿದೆ. ಬೇಕು ಅನ್ನೋಕೆ ಅವರು ಬರೆಯುವ `bodu` ನನ್ನ ಹಳೇ ಫೋನಲ್ಲಿ `body` ಆಗುತ್ತೆ, ಬೇಡ ಅನ್ನುವ `bodchi` ಮಾತ್ರ ಹಾಗೇ ಉಳಿಯುತ್ತೆ. ಕನ್ನಡದಲ್ಲಿ ನಾನು ಅನುಮಾನದಿಂದ ಓದೋದು ಬೇಡವನ್ನ, ತುಳುವಲ್ಲಿ ಬೇಕನ್ನ.