ಮುಟ್ಟು ನಿಂತ ಮೇಲೆ ನಮಗೆ ಜೆಲ್ ನೆರವಾದ ಬಗೆ

ನನ್ನ ಹೆಂಡತಿಗೆ 51ನೇ ವಯಸ್ಸಿಗೆ ಮುಟ್ಟು ನಿಂತಿತು. ಆಮೇಲೆ ನಾವು ಸೇರುವಾಗೆಲ್ಲ ಅವಳು ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಕೇಳಿದರೆ "ಏನಿಲ್ಲ ರೀ" ಅನ್ನುತ್ತಿದ್ದಳು. ಅವಳಿಗೆ ನೋವಾಗುತ್ತಿದೆ ಅಂತ ತಿಳಿದ ಮೇಲೆ ಹತ್ತಿರ ಹೋಗಲು ನನಗೇ ಭಯ. ಅವಳು ನಿದ್ದೆ ಹೋಗುವವರೆಗೆ ಟಿವಿ ಮುಂದೆ ಕೂರುತ್ತಿದ್ದೆ. ಎಲ್ಲಿ ಮುಂದುವರಿಯುತ್ತದೋ ಅಂತ ಕೈ ಹಿಡಿಯುವುದೂ ನಿಂತಿತು. ಕೊನೆಗೆ ಅವಳೇ ಕೇಳಿದಳು, "ನಾನು ನಿಮಗೆ ಬೇಡವಾದೆನಾ?" ಅವತ್ತು ಇಬ್ಬರೂ ಮನಸ್ಸು ಬಿಚ್ಚಿ ಮಾತಾಡಿದೆವು.

ಸ್ತ್ರೀರೋಗ ತಜ್ಞೆಯ ಹತ್ತಿರ ಜೊತೆಯಾಗಿಯೇ ಹೋದೆವು. ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನು ಕಡಿಮೆಯಾದಾಗ ಯೋನಿಯ ಒಳಪದರ ತೆಳುವಾಗುತ್ತದೆ, ಒದ್ದೆಯಾಗುವುದೂ ಕಡಿಮೆಯಾಗುತ್ತದೆ ಎಂದರು. ಮನಸ್ಸಿನಲ್ಲಿ ಆಸೆ ಇದ್ದರೂ ಹೀಗಾಗುತ್ತದೆ. ಒಣಗಿದಲ್ಲಿ ಉಜ್ಜಿದರೆ ಉರಿ ತಾನೇ? ಒಮ್ಮೆ ನೋವಾದರೆ ಮುಂದಿನ ಸಲ ಸ್ನಾಯುಗಳು ಮೊದಲೇ ಬಿಗಿಯುತ್ತವೆ, ನೋವು ಇನ್ನೂ ಜಾಸ್ತಿಯಾಗುತ್ತದೆ.

ಮೆಡಿಕಲ್ ಶಾಪಿನಲ್ಲಿ ಮೊದಲು ಸಿಕ್ಕಿದ್ದು ಬಿಸಿ ಅನುಭವ ಕೊಡುವ, ಸುವಾಸನೆಯ ಲೂಬ್ರಿಕೆಂಟ್ ಜೆಲ್. ಅವಳಿಗೆ ಉರಿಯಿತು, ತಕ್ಷಣ ತೊಳೆದುಕೊಂಡಳು. ತೆಳುವಾದ ಚರ್ಮಕ್ಕೆ ಅಂಥದ್ದು ಆಗಿಬರುವುದಿಲ್ಲ. ಆಮೇಲೆ ಬಣ್ಣ, ವಾಸನೆ ಯಾವುದೂ ಇಲ್ಲದ, ನೀರಿನ ಆಧಾರದ ಜೆಲ್ ತಂದೆವು. ಮೊದಲು ಅವಳ ಮುಂಗೈ ಒಳಭಾಗಕ್ಕೆ ಹಚ್ಚಿ ನೋಡಿ, ಮರುದಿನ ಬಳಸಿದೆವು.

ಒಂದು ಟೀ ಚಮಚದಷ್ಟು ಬೇಕಾಗುತ್ತದೆ. ಅದನ್ನು ಅಂಗೈಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿಕೊಂಡು ಅವಳ ಯೋನಿಯ ಬಾಯಿಗೆ ಮತ್ತು ನನಗೆ ಧಾರಾಳವಾಗಿ ಹಚ್ಚುತ್ತೇವೆ. ಅವಸರ ಮಾಡುವುದಿಲ್ಲ. ಅವಳು ಮೇಲಿದ್ದರೆ ಎಷ್ಟು, ಹೇಗೆ ಅನ್ನುವುದು ಅವಳ ಕೈಯಲ್ಲೇ ಇರುತ್ತದೆ. ನನ್ನ ಭಯ ಬಿಟ್ಟಿದ್ದು ಹೆಚ್ಚಾಗಿ ಇದರಿಂದ. ನೀರಿನ ಜೆಲ್ ನಡುವೆ ಒಣಗುತ್ತದೆ. ಅಂಟಂಟು ಅನ್ನಿಸಿದರೆ ನಿಲ್ಲಿಸಿ ಮತ್ತೆ ಹಚ್ಚಬೇಕು, ಸಹಿಸಿಕೊಂಡು ಮುಂದುವರಿಯಬಾರದು. ಬೇಗ ಒಣಗುವುದೇ ತೊಂದರೆಯಾದರೆ ಸಿಲಿಕೋನ್ ಆಧಾರದ್ದು ಹೆಚ್ಚು ಹೊತ್ತು ಬಾಳುತ್ತದೆ.

ಕೊಬ್ಬರಿ ಎಣ್ಣೆ ಸಾಕಲ್ವಾ ಅಂತ ನಾನೂ ಕೇಳಿದ್ದೆ. ಕಾಂಡೋಮ್ ಬಳಸುವವರಿಗೆ ಅದು ಬೇಡವೇ ಬೇಡ, ಎಣ್ಣೆ ತಾಗಿದರೆ ಕಾಂಡೋಮಿನ ಲೇಟೆಕ್ಸ್ ರಬ್ಬರ್ ಹರಿಯಬಹುದು. ಮುಟ್ಟು ಪೂರ್ತಿ ನಿಲ್ಲುವ ಮುಂಚಿನ ವರ್ಷಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಇದ್ದೇ ಇರುತ್ತದೆ, ಹಾಗಾಗಿ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಜೆಲ್ ಆ ಹೊತ್ತಿನ ಉಜ್ಜಾಟವನ್ನು ಕಡಿಮೆ ಮಾಡುತ್ತದೆ, ತೆಳುವಾದ ಪದರವನ್ನು ಮೊದಲಿನಂತೆ ಮಾಡುವುದಿಲ್ಲ. ಹಗಲಲ್ಲೂ ಉರಿ, ತುರಿಕೆ ಇದ್ದುದರಿಂದ ಡಾಕ್ಟರು ಅವಳನ್ನು ಪರೀಕ್ಷಿಸಿ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಬರೆದುಕೊಟ್ಟರು. ಅದರ ಗುಣ ಕಾಣಲು ಕೆಲವು ವಾರ ಬೇಕು. ಅದನ್ನು ಜೆಲ್ ಬದಲು ಬಳಸುವಂತಿಲ್ಲ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ಸೇರಿದಾಗ ಆಗಿದ್ದು ಅಂತ ಸುಮ್ಮನಿರದೆ ಬಂದು ತೋರಿಸಿ ಎಂದೂ ಅವರು ಹೇಳಿದ್ದಾರೆ.