ಬಳ್ಳಾರಿಯ ಜೀನ್ಸ್ ಶೆಡ್‌ಗೆ ಎರಡು ಹಂತದ ಕೂಲಿಂಗ್: ನೀರಿನ ಲೆಕ್ಕ ಸಮೇತ

ಈ ಶೆಡ್‌ಗೆ ನಾವು ಹಾಕಿದ್ದು ಎರಡು ಹಂತ: ಮೊದಲು ಇನ್‌ಡೈರೆಕ್ಟ್, ಅಂದರೆ ಗಾಳಿಗೆ ನೀರು ತಾಗಿಸದೆ ಪ್ಲೇಟಿನ ಆಚೆ ಬದಿಯಿಂದ ತಂಪು ಮಾಡುವುದು, ಆಮೇಲೆ ಡೆಸರ್ಟ್ ಕೂಲರಿನಂತೆ ಒದ್ದೆ ಪ್ಯಾಡ್ ಮೂಲಕ ಹಾಯಿಸುವುದು. “ಇನ್‌ಡೈರೆಕ್ಟ್ ಹಾಕಿದರೆ ಟ್ಯಾಂಕರ್ ಸಾಲುಗಟ್ಟಬೇಕು, ಡೆಸರ್ಟ್ ಕೂಲರೇ ಸಾಕು” ಎಂದವರೇ ಹೆಚ್ಚು. ಈಗ ಶೆಡ್ ತಣ್ಣಗಿದೆ, ನೀರಿನ ಮೀಟರೂ ನಮ್ಮ ಪರವಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನವು, ಹೆಚ್ಚುಕಡಿಮೆ ಇದ್ದಾವು.

ಹೊಲಿಗೆ ಹಾಲ್ 40 ಮೀಟರ್ ಉದ್ದ, 18 ಅಗಲ, 5 ಎತ್ತರ. ಮೇಲೆ ತಗಡು, ಅದರಡಿ ಫಾಯಿಲ್ ಇನ್ಸುಲೇಷನ್. ಗಂಟೆಗೆ 15 ಸಲ ಗಾಳಿ ಬದಲಾಗಬೇಕೆಂದು 16,000 ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ ಕೊಡುವ ಎರಡು ಯಂತ್ರ ಇಟ್ಟೆವು. ಏಪ್ರಿಲ್ ಮಧ್ಯಾಹ್ನಕ್ಕೆ ಡ್ರೈ ಬಲ್ಬ್, ಅಂದರೆ ಮಾಮೂಲಿ ಥರ್ಮಾಮೀಟರಿನ ತಾಪ, 41 ಡಿಗ್ರಿ; ವೆಟ್ ಬಲ್ಬ್, ಅಂದರೆ ನೀರು ಆವಿಯಾಗಿಸಿ ಗಾಳಿಯನ್ನು ಇಳಿಸಬಹುದಾದ ಕನಿಷ್ಠ ತಾಪ, 23 ಹಿಡಿದೆವು. ಮೊದಲ ಹಂತ ಪಾಲಿಪ್ರೊಪಿಲೀನ್ ಪ್ಲೇಟ್ ಎಕ್ಸ್‌ಚೇಂಜರ್, ಶೇ. 60 ದಕ್ಷತೆ. ಪ್ಲೇಟಿನ ಒಣ ಬದಿಯಲ್ಲಿ ಹಾಲ್‌ಗೆ ಹೋಗುವ ಪ್ರೈಮರಿ ಗಾಳಿ, ಒದ್ದೆ ಬದಿಯಲ್ಲಿ ಅದರ ಬಿಸಿ ಹೀರುವ ಸೆಕೆಂಡರಿ ಗಾಳಿ. 18 ಡಿಗ್ರಿ ಅಂತರದಲ್ಲಿ 11ರಷ್ಟು ಇಳಿದು ಗಾಳಿ 30ಕ್ಕೆ ಬರುತ್ತದೆ. ಒಂದು ಹನಿ ತೇವವೂ ಸೇರದ ಕಾರಣ ಅದರ ವೆಟ್ ಬಲ್ಬ್ ಕೂಡ 23ರಿಂದ 20ಕ್ಕೆ ಇಳಿಯುತ್ತದೆ. ಇಡೀ ಆಟ ಇರುವುದು ಇಲ್ಲೇ. ಆಮೇಲೆ ಶೇ. 85ರ ಪ್ಯಾಡ್ ದಾಟಿದರೆ ಲೆಕ್ಕಕ್ಕೆ 21.5, ಫ್ಯಾನಿನ ಬಿಸಿ ಸೇರಿ ಡಕ್ಟಿನ ಬಾಯಲ್ಲಿ 22ರ ಆಸುಪಾಸು ಸಿಕ್ಕಿತು. ಹೊರಗಿನ ವೆಟ್ ಬಲ್ಬ್‌ಗಿಂತ ಕೆಳಗೆ! ಬರೀ ಪ್ಯಾಡ್ ಎಷ್ಟೇ ದಪ್ಪ ಮಾಡಿದರೂ 23ಕ್ಕಿಂತ ಕೆಳಗೆ ಇಳಿಯುವುದಿಲ್ಲ, ನಿಜದಲ್ಲಿ 26ಕ್ಕೇ ನಿಲ್ಲುತ್ತದೆ.

ಈಗ ನೀರು. ಹಾಲ್ 30ರಲ್ಲಿ ಇರಬೇಕೆಂದರೆ 22ರ ಗಾಳಿ 8 ಡಿಗ್ರಿ ಬಿಸಿ ಹೊರುತ್ತದೆ, 26ರ ಗಾಳಿ 4 ಮಾತ್ರ. ಹಾಗಾಗಿ ಬರೀ ಪ್ಯಾಡ್ ನಂಬಿದರೆ ಗಾಳಿ ದುಪ್ಪಟ್ಟು ಬೇಕು, ಆ ದುಪ್ಪಟ್ಟು ಗಾಳಿಗೆ ಗಂಟೆಗೆ 750 ಲೀಟರ್ ಆವಿಯಾಗುತ್ತದೆ. ನಮ್ಮ ಎರಡು ಹಂತ ಸೇರಿ 480. ನೀರು ಕುಡಿಯುವ ಯಂತ್ರ ಯಾವುದೆಂದು ಅವರೇ ಹೇಳಲಿ.

ಆದರೆ ಆ 480 ಸುಮ್ಮನೆ ಬಂದದ್ದಲ್ಲ. ಪ್ಲೇಟಿನ ಒದ್ದೆ ಬದಿಗೆ ಹೊರಗಿನ 41ರ ಗಾಳಿಯನ್ನೇ ಬಿಟ್ಟರೆ 640 ಆಗುತ್ತದೆ, ಏಕೆಂದರೆ ಆ ಗಾಳಿ ತಾನು ತಣ್ಣಗಾಗಲೂ ನೀರು ಖರ್ಚು ಮಾಡುತ್ತದೆ. ಹಾಲ್‌ನಿಂದ ಹೊರಹೋಗುವ 30ರ ಗಾಳಿಯ ವೆಟ್ ಬಲ್ಬ್ ಕೂಡ 23ರ ಹತ್ತಿರವೇ. ಅದನ್ನು ತಿರುಗಿಸಿ ಒದ್ದೆ ಬದಿಗೆ ಬಿಟ್ಟರೆ ತಂಪು ಅಷ್ಟೇ, ನೀರು ಮಾತ್ರ ಉಳಿತಾಯ. ಪ್ರೈಮರಿ ಗಾಳಿಯ ಶೇ. 60ರಷ್ಟನ್ನು ಹೀಗೆ ಎಳೆಯುತ್ತೇವೆ, ಉಳಿದದ್ದು ಬಾಗಿಲು, ಛಾವಣಿ ವೆಂಟಿಲೇಟರ್ ದಾರಿ ಹಿಡಿಯುತ್ತದೆ.

ಇಲ್ಲೇ ಜೀನ್ಸ್ ಕೈಕೊಟ್ಟಿತು. ಹಾಲ್ ಗಾಳಿಯ ನೂಲಿನ ದೂಳು ಒದ್ದೆ ಪ್ಲೇಟುಗಳ ನಡುವೆ ಕಂಬಳಿಯಂತೆ ಕಟ್ಟಿಕೊಂಡಿತು. ಯಂತ್ರದ ತಳದ ಸಂಪ್ ನೀರು ನೀಲಿ ಬೂದು ಬಣ್ಣಕ್ಕೆ ತಿರುಗಿದರೆ ಅದು ಮೊದಲ ಸೂಚನೆ. ಎರಡನೆಯದು ಸೆಕೆಂಡರಿ ಫ್ಯಾನಿನ ಆಂಪಿಯರ್: ಸೆಂಟ್ರಿಫ್ಯೂಗಲ್ ಫ್ಯಾನಿಗೆ ದಾರಿ ಕಟ್ಟಿದರೆ ಕರೆಂಟ್ ಏರುವುದಿಲ್ಲ, ಇಳಿಯುತ್ತದೆ. “ಕರೆಂಟ್ ಕಡಿಮೆ ಎಳೆಯುತ್ತಿದೆ, ಒಳ್ಳೆಯದೇ ಆಯಿತಲ್ಲ ಸಾರ್” ಎಂದು ಎಲೆಕ್ಟ್ರೀಷಿಯನ್ ಖುಷಿಪಟ್ಟಾಗ ಒಳಗೆ ಪ್ಲೇಟು ಅರ್ಧ ಮುಚ್ಚಿತ್ತು. ಈಗ ಮುಂದೆ ನೈಲಾನ್ ಜಾಲರಿ, ಹಿಂದೆ ತೊಳೆಯಬಹುದಾದ ಫಿಲ್ಟರ್. ಜಾಲರಿಯನ್ನು ಪ್ರತಿ ಶಿಫ್ಟಿನಲ್ಲೂ ಕೊಡವುತ್ತಾರೆ. ಪ್ಲೇಟಿಗೆ ನೀರು ಚಿಮ್ಮಿಸುವ ನಾಝಲ್‌ಗಳ ಅಂತರ ಮತ್ತು ಕೋನ ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಹೊಟ್ಟೆಪಾಡು.

ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣ, 900 ಇತ್ತು. ನೀರು ಆವಿಯಾದಂತೆ ಲವಣ ಹಿಂದೆಯೇ ಉಳಿಯುತ್ತದೆ. ಸಂಪಿನಲ್ಲಿ 2,700 ದಾಟಬಾರದೆಂದು ಕಂಡಕ್ಟಿವಿಟಿ ನೋಡಿ ಸೊಲೆನಾಯ್ಡ್ ವಾಲ್ವ್ ತೆರೆದು ಒಂದಿಷ್ಟು ನೀರು ಹೊರಬಿಡುವಂತೆ ಮಾಡಿದೆವು, ಅದೇ ಬ್ಲೀಡ್. ಮೂರು ಪಟ್ಟು ಸಾಂದ್ರತೆ ಎಂದರೆ ಆವಿಯ ಅರ್ಧದಷ್ಟು ಬ್ಲೀಡ್, ಅಂದರೆ 240. ಒಟ್ಟು ಗಂಟೆಗೆ 720 ಲೀಟರ್. ಬೆಳಿಗ್ಗೆ ಅಷ್ಟು ಬೇಡವಾದ್ದರಿಂದ ಹತ್ತು ಗಂಟೆಗೆ 5,000, ಒಂದು ಟ್ಯಾಂಕರ್. ಬ್ಲೀಡ್ ನೀರು ಶೌಚಾಲಯಕ್ಕೆ ಹೋಗುತ್ತದೆ. ಬ್ಲೀಡ್ ಮುಚ್ಚಿ ನೀರು ಉಳಿಸುತ್ತೇನೆ ಎನ್ನುವ ಮಾಲೀಕರಿಗೆ ಪ್ಲೇಟ್ ಮೇಲಿನ ಬಿಳಿ ಸುಣ್ಣ ತೋರಿಸಿ, ಬಾಯಿ ತಾನಾಗಿ ಮುಚ್ಚುತ್ತದೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆವು: ಪ್ಲೇಟಿನ ಬದಲು ಸಣ್ಣ ಕೂಲಿಂಗ್ ಟವರ್, ಅದರ ನೀರು ಫಿನ್ ಕಾಯಿಲ್‌ಗೆ. ನೂಲಿನ ಕಾಟ ಇಲ್ಲ, ಆದರೆ ದಕ್ಷತೆ ಶೇ. 50ರ ಸುತ್ತ, ಪಂಪಿನ ಖರ್ಚು ಬೇರೆ. ಕೈಬಿಟ್ಟೆವು. ಯಂತ್ರ, ಡಕ್ಟ್ ಎಲ್ಲ ಸೇರಿ ಹದಿನೈದು ಲಕ್ಷದ ಹತ್ತಿರ ಬಿತ್ತು. ಫ್ಯಾನು, ಪಂಪು ಕೂಡಿ 18 ಕಿಲೋವ್ಯಾಟ್ ಎಳೆಯುತ್ತವೆ.

ಜೂನ್ ದಾಟಿದರೆ ಕಥೆ ಬೇರೆ. ಹೊರಗೆ 33, ವೆಟ್ ಬಲ್ಬ್ 25.5 ಇದ್ದಾಗ ಮೊದಲ ಹಂತ 28.5 ಕೊಡುತ್ತದೆ. ಅದರ ಮೇಲೆ ಪ್ಯಾಡ್ ಓಡಿಸಿದರೆ 25 ಆಗಬಹುದು, ಆದರೆ ಗಾಳಿ ತೇವ ತುಂಬಿ ಮೈ ಅಂಟುತ್ತದೆ, ಬಟ್ಟೆ ಬಂಡಲ್‌ಗೆ ಮುಗ್ಗಲು ವಾಸನೆ. ಆದ್ದರಿಂದ ಹೊರಗಿನ ವೆಟ್ ಬಲ್ಬ್ 24 ದಾಟಿದ ಕೂಡಲೇ ಪ್ಯಾಡ್ ಪಂಪು ತಾನೇ ನಿಲ್ಲುತ್ತದೆ. ಪ್ಲೇಟ್ ಸೋರುತ್ತಿದೆಯೇ ಎಂದು ನೋಡಲು ಅದೇ ಒಳ್ಳೆಯ ಸಮಯ: ಪ್ಯಾಡ್ ನಿಂತಿರುವಾಗ ಮೊದಲ ಹಂತದ ಮುಂದೆ, ಹಿಂದೆ ಡ್ಯೂ ಪಾಯಿಂಟ್, ಅಂದರೆ ಗಾಳಿಯ ತೇವ ಹನಿಗಟ್ಟುವ ತಾಪ, ಅಳೆಯಿರಿ. ಎರಡೂ ಒಂದೇ ಇರಬೇಕು. ಹಿಂದಿನದು ಏರಿದ್ದರೆ ಒದ್ದೆ ಬದಿಯ ಗಾಳಿ ಒಳಗೆ ನುಗ್ಗುತ್ತಿದೆ ಎಂದರ್ಥ. ನಾವು ಪ್ರೈಮರಿ ಫ್ಯಾನನ್ನು ಪ್ಲೇಟಿನ ಮುಂದೆ ಇಟ್ಟು ತಳ್ಳಿಸಿ, ಸೆಕೆಂಡರಿಯನ್ನು ಹಿಂದೆ ಇಟ್ಟು ಎಳೆಸುವುದು ಇದಕ್ಕೇ. ಸೋರಿದರೂ ಒಣ ಗಾಳಿ ಒದ್ದೆ ಕಡೆಗೆ ಹೋಗುತ್ತದೆ.