ಮಸಾಲೆ ಪುಡಿಯ ಬ್ರ್ಯಾಂಡಿಗೆ ಎಐ ಚಿತ್ರ: ನಾವು ಹಾಕಿಕೊಂಡ ಕಟ್ಟುಪಾಡು

ಮೊದಲ ತಪ್ಪು ಆಗಿದ್ದು ಮೆಣಸಿನಕಾಯಿಯಲ್ಲಿ.

ಹುಬ್ಬಳ್ಳಿಯಲ್ಲಿ ನಮ್ಮದು ಮೂರು ಜನರ ಸಣ್ಣ ಡಿಸೈನ್ ಆಫೀಸು. ಚಟ್ನಿಪುಡಿ, ಸಾರಿನ ಪುಡಿ, ಖಾರದ ಪುಡಿ ಮಾಡುವ ಒಂದು ಮನೆತನದ ಕಂಪನಿಗೆ ಪ್ಯಾಕೆಟ್‌ನಿಂದ ಹಿಡಿದು ಇನ್‌ಸ್ಟಾಗ್ರಾಮ್ ಚಿತ್ರದವರೆಗೆ ಎಲ್ಲ ಕೆಲಸ ನಾವೇ ಮಾಡುತ್ತೇವೆ. ಒಂದು ಸಲ ಫೋಟೋ ತೆಗೆಯಲು ಪುರುಸೊತ್ತಿಲ್ಲದೆ ಖಾರದ ಪುಡಿಯ ಪೋಸ್ಟರನ್ನು ಎಐನಲ್ಲೇ ಮಾಡಿದೆವು. ಕಪ್ಪು ಕಲ್ಲಿನ ಮೇಲೆ ಕೆಂಪು ಮೆಣಸಿನಕಾಯಿಯ ರಾಶಿ. ನೋಡಲು ತುಂಬಾ ಚೆನ್ನಾಗಿತ್ತು. ಮಾಲೀಕರು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದರು. "ಮೇಡಂ, ಇದು ಬ್ಯಾಡಗಿ ಕಾಯಿ ಅಲ್ರೀ. ಬ್ಯಾಡಗಿ ಅಂದ್ರ ಸುಕ್ಕು ಇರಬೇಕ್ರೀ. ಇದು ನುಣ್ಣಗ ಹೊಳಿತೈತಿ" ಎಂದರು.

ಅವರು ಹೇಳಿದ್ದು ಸರಿ. ಒಣಗಿದ ಬ್ಯಾಡಗಿ ಕಾಯಿಯ ಮೈತುಂಬ ಸುಕ್ಕು. ಬಣ್ಣ ಗಾಢ ಕೆಂಪು. ನಮ್ಮ ಪೋಸ್ಟರಿನಲ್ಲಿದ್ದದ್ದು ಯಾವ ಊರಿನದೂ ಅಲ್ಲದ ಮೆಣಸಿನಕಾಯಿ. ಆದರೆ ಪ್ಯಾಕೆಟ್ ಮೇಲೆ "ಬ್ಯಾಡಗಿ" ಎಂದು ದೊಡ್ಡದಾಗಿ ಬರೆದಿದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಿಂದ ಜಿಐ ಟ್ಯಾಗ್ ಇದೆ. ಆಹಾರದ ಲೇಬಲ್ ಮೇಲಿನ ಚಿತ್ರ ಕೊಳ್ಳುವವರನ್ನು ದಾರಿ ತಪ್ಪಿಸಬಾರದು ಎಂದು ಎಫ್‌ಎಸ್‌ಎಸ್‌ಎಐ ನಿಯಮವಿದೆ. ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಅನ್ವಯಿಸುತ್ತದೆ. ಒಂದು ಚಿತ್ರದಲ್ಲಿ ಬ್ರ್ಯಾಂಡಿನ ನಂಬಿಕೆ, ಕಾನೂನು ಎರಡೂ ಒಟ್ಟಿಗೆ ಕೆಟ್ಟಿದ್ದವು. ಪೋಸ್ಟರ್ ಹೊರಗೆ ಹೋಗುವ ಮುಂಚೆ ಸಿಕ್ಕಿಬಿದ್ದದ್ದು ನಮ್ಮ ಪುಣ್ಯ.

ಆ ವಾರ ಕೂತು ಒಂದು ನಿಯಮ ಬರೆದೆವು. ಉಳಿದದ್ದೆಲ್ಲ ಅದರಿಂದಲೇ ಬಂತು. ಎಐ ಮಾಡುವುದು ಹಿನ್ನೆಲೆ ಮಾತ್ರ. ಪ್ಯಾಕೆಟ್, ಪುಡಿ, ಅದಕ್ಕೆ ಹಾಕುವ ಪದಾರ್ಥ, ಲೋಗೋ, ಅಕ್ಷರ, ಮುಖ, ಇವೆಲ್ಲ ನಮ್ಮ ಕ್ಯಾಮೆರಾದಿಂದ ಅಥವಾ ನಮ್ಮ ಕೈಯಿಂದ ಬರಬೇಕು. ಗಿರಾಕಿ ದುಡ್ಡು ಕೊಡುವುದು ಯಾವುದನ್ನು ನೋಡಿಯೋ ಅದು ನಿಜವಾದದ್ದೇ ಆಗಿರಬೇಕು, ಅಷ್ಟೇ.

ಇದನ್ನು ಹೇಗೆ ಮಾಡುತ್ತೇವೆ ಎನ್ನುವುದನ್ನು ಯುಗಾದಿಯ ಪೋಸ್ಟರನ್ನೇ ಇಟ್ಟುಕೊಂಡು ಹೇಳುತ್ತೇನೆ. ಈ ಬ್ರ್ಯಾಂಡಿಗೆ ಒಂದು ನೋಟ ಮೊದಲಿನಿಂದ ಇದೆ. ಕಪ್ಪು ಕಲ್ಲು, ಎಡಗಡೆ ಕಿಟಕಿಯಿಂದ ಬರುವ ಬೆಳಗಿನ ಬೆಳಕು, ಹಿತ್ತಾಳೆ ಪಾತ್ರೆ, ಹಿಂದೆ ಖಾಲಿ ಗೋಡೆ. ಮುಂಚೆ ನಾವೇ ತೆಗೆದ ಫೋಟೋಗಳಲ್ಲಿ ಈ ನೋಟ ಸರಿಯಾಗಿ ಬಂದಿರುವ ಹನ್ನೆರಡನ್ನು ಆರಿಸಿ ಒಂದು ಫೋಲ್ಡರಿನಲ್ಲಿ ಇಟ್ಟೆವು. ನಾವು ಚಿತ್ರ ಮಾಡಿಸುವ ಎಐ ಟೂಲ್ ಮಿಡ್‌ಜರ್ನಿಗೆ ಶೈಲಿಯ ಮಾದರಿಯಾಗಿ ಕೊಡುವುದು ಇವನ್ನು ಮಾತ್ರ. ಗೂಗಲ್‌ನಲ್ಲಿ ಸಿಕ್ಕಿದ, ಪಿಂಟರೆಸ್ಟ್‌ನಲ್ಲಿ ಇಷ್ಟವಾದ ಯಾರದೋ ಚಿತ್ರವನ್ನು ಕೊಡುವ ಹಾಗಿಲ್ಲ. ಶೈಲಿಯೂ ಹಿಡಿತದಲ್ಲಿ ಇರುತ್ತದೆ, ನಾಳೆ ಯಾರಾದರೂ ಕೇಳಿದರೆ ಉತ್ತರವೂ ಇರುತ್ತದೆ. ನಾವು ಬಳಸುವ ಪ್ರಾಂಪ್ಟ್ ಹೀಗಿದೆ:

```
empty black stone slab, soft morning window light from left,
plain dark wall --ar 4:5 --v 7 --sref URL1 URL2 URL3 --sw 250
--no people, text, logo, packet, food
```

ಇದರಲ್ಲಿ ಬದಲಾಗುವುದು ಮೊದಲ ತುಣುಕು ಮಾತ್ರ. ಒಮ್ಮೆ ಖಾಲಿ ಕಲ್ಲು, ಇನ್ನೊಮ್ಮೆ ಕಟ್ಟೆ, ಮತ್ತೊಮ್ಮೆ ಮರದ ಮಣೆ. ಬೆಳಕು, ಗೋಡೆ, ಕೊನೆಯ ಸಾಲುಗಳನ್ನು ಯಾರೂ ಮುಟ್ಟುವುದಿಲ್ಲ. `--ar` ಚಿತ್ರದ ಅಗಲ-ಎತ್ತರದ ಅನುಪಾತ. `--sref` ಆದಮೇಲಿನ URL ಜಾಗದಲ್ಲಿ ನಮ್ಮ ಮಾದರಿ ಫೋಟೋಗಳ ಲಿಂಕ್ ಬರುತ್ತದೆ. `--sw` ಎಂದರೆ ಮಾದರಿ ಫೋಟೋಗಳ ಶೈಲಿ ಎಷ್ಟು ಗಟ್ಟಿಯಾಗಿ ಹಿಡಿಯಬೇಕು ಎನ್ನುವ ಅಳತೆ. ಸುಮ್ನೆ ಬಿಟ್ಟರೆ ಅದು 100 ಇರುತ್ತದೆ, 1000ದವರೆಗೆ ಏರಿಸಬಹುದು. 100ರಲ್ಲಿ ನಮ್ಮ ಚಿತ್ರಗಳು ಒಂದೊಂದು ಒಂದೊಂದು ಥರ ಬರುತ್ತಿದ್ದವು. ತುಂಬಾ ಏರಿಸಿದಾಗ ನಮ್ಮ ಹಳೆಯ ಫೋಟೋದ ವಸ್ತುಗಳೇ ಅರೆಬರೆಯಾಗಿ ಇಣುಕಲು ಶುರುವಾಯಿತು. 250 ನಮಗೆ ಹೊಂದಿತು. `--v` ಹಾಕಿ ವರ್ಷನ್ ನಂಬರನ್ನು ಬರೆಯುವುದು ಮರೆಯಬೇಡಿ. ಟೂಲ್ ತಾನಾಗಿ ಹೊಸ ವರ್ಷನ್‌ಗೆ ಹೋದರೆ ಅದೇ ಪ್ರಾಂಪ್ಟಿಗೆ ಬೇರೆ ನೋಟ ಬರುತ್ತದೆ, ಹಳೆಯ ಪೋಸ್ಟರಿನ ಪಕ್ಕ ಇಟ್ಟಾಗ ಎದ್ದು ಕಾಣುತ್ತದೆ. ಇನ್ನೊಂದು ವಿಷಯ: ಪ್ರಾಂಪ್ಟಿನ ಮಧ್ಯೆ ಜನ ಬೇಡ ಎಂದು ವಾಕ್ಯದಲ್ಲಿ ಬರೆದರೆ ಕೆಲವೊಮ್ಮೆ ಜನರೇ ಬಂದುಬಿಡುತ್ತಾರೆ. ಬೇಡವಾದದ್ದನ್ನು `--no` ಆದಮೇಲೆಯೇ ಬರೆಯಬೇಕು.

ಪ್ರಾಂಪ್ಟಿನಲ್ಲಿ ಕೆಂಪು ಬಣ್ಣದ ಮಾತೇ ಇಲ್ಲ, ಗಮನಿಸಿದಿರಾ? ಬ್ರ್ಯಾಂಡಿನ ಕೆಂಪು `#8C1C13`. ಈ ನಂಬರನ್ನು ಪ್ರಾಂಪ್ಟಿನಲ್ಲಿ ಹಾಕಿ ತುಂಬಾ ದಿನ ಒದ್ದಾಡಿದ್ದೇನೆ. ಒಮ್ಮೆ ಇಟ್ಟಿಗೆ ಬಣ್ಣ, ಒಮ್ಮೆ ಕುಂಕುಮ, ಒಮ್ಮೆ ಗುಲಾಬಿಗೆ ಹತ್ತಿರ. ನಾವು ಬಳಸುವ ಟೂಲ್ ನಂಬರನ್ನು ನಂಬರಾಗಿ ಪಾಲಿಸಲಿಲ್ಲ. ಹಾಗಾಗಿ ಹಿನ್ನೆಲೆಯಲ್ಲಿ ಕೆಂಪೇ ಇರಬಾರದು ಎಂದು ಮಾಡಿದೆವು. ಕೆಂಪು ಬರುವುದು ಪ್ಯಾಕೆಟ್‌ನಿಂದ, ಆಮೇಲೆ ನಾವು ಹಾಕುವ ಪಟ್ಟಿಯಿಂದ. ಹೋಲಿಸಿ ನೋಡಲು ಇನ್ನೊಂದು ಕೆಂಪು ಇಲ್ಲದಿದ್ದರೆ ತಕರಾರೇ ಇಲ್ಲ, ಅಲ್ವಾ?

ಹಿನ್ನೆಲೆ ಸಿಕ್ಕ ಮೇಲೆ ಪ್ಯಾಕೆಟ್ ಫೋಟೋ ತೆಗೆಯುತ್ತೇವೆ. ಆಫೀಸಿನ ಎಡಗಡೆಯ ಕಿಟಕಿಯ ಪಕ್ಕ ಟೇಬಲ್, ಬಲಗಡೆ ಬಿಳಿ ಥರ್ಮಕೋಲ್ ಹಾಳೆ. ಕ್ಯಾಮೆರಾದ ಎತ್ತರ ಹಿನ್ನೆಲೆಯಲ್ಲಿ ಕಾಣುವ ಎತ್ತರಕ್ಕೆ ಸರಿಹೊಂದಬೇಕು. ಪ್ಯಾಕೆಟ್ ಕತ್ತರಿಸಿ ಕೂರಿಸುವಾಗ ಅದರ ನೆರಳನ್ನೂ ಜೊತೆಗೇ ತರುತ್ತೇವೆ. ಕೆಲಸ ಕೆಟ್ಟಿದೆಯೇ ಎಂದು ತಿಳಿಯಲು ನಾನು ನೋಡುವುದು ನೆರಳಿನ ಅಂಚನ್ನು. ಕಲ್ಲಿನ ಮೇಲಿನ ಬೇರೆ ನೆರಳು ಮೆತ್ತಗಿದ್ದು ಪ್ಯಾಕೆಟಿನದು ಗೆರೆ ಎಳೆದಂತೆ ಇದ್ದರೆ, ಅದು ಅಂಟಿಸಿದ್ದು ಎಂದು ಮಕ್ಕಳಿಗೂ ಗೊತ್ತಾಗುತ್ತದೆ. ಅಕ್ಷರ ಕೊನೆಗೆ, ಇಲ್ಲಸ್ಟ್ರೇಟರ್‌ನಲ್ಲಿ. ಎಐಗೆ ಕನ್ನಡ ಬರೆಯಲು ಹೇಳಿದಾಗಲೆಲ್ಲ ನಮಗೆ ಒತ್ತಕ್ಷರ ಎಲ್ಲೋ, ಅಕ್ಷರ ಎಲ್ಲೋ ಆಗಿ ಬಂದಿದೆ.

ಯುಗಾದಿಗೆ ಕಲ್ಲಿನ ಮೇಲೆ ಒಂದು ಖಣದ ಬಟ್ಟೆ ಇರಲಿ ಎಂದು ಆಸೆಪಟ್ಟೆವು. ನಮ್ಮ ಹುಡುಗ ಎಐನಲ್ಲೇ ಪ್ರಯತ್ನ ಮಾಡಿದ. ಬಂದದ್ದು ಎಲ್ಲಿಯದೋ ಜರಿ ಬಟ್ಟೆ. ಗುಳೇದಗುಡ್ಡದ ಖಣ ತೊಟ್ಟವರಿಗೆ ಅದನ್ನು ತೋರಿಸಲು ನನಗೆ ಮನಸ್ಸಾಗಲಿಲ್ಲ. ಅಂಗಡಿಯಿಂದ ನಿಜವಾದ ಖಣ ತಂದು, ಪ್ಯಾಕೆಟ್ ಜೊತೆಗೇ ಫೋಟೋ ತೆಗೆದೆವು. ಅಲ್ಲಿಂದ ನಿಯಮಕ್ಕೆ ಒಂದು ಸಾಲು ಸೇರಿತು: ಊರಿನ ಹೆಸರಿರುವ ಯಾವ ವಸ್ತುವನ್ನೂ ಎಐನಲ್ಲಿ ಮಾಡುವಂತಿಲ್ಲ. ಬ್ಯಾಡಗಿ ಕಾಯಿ, ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ, ಧಾರವಾಡ ಪೇಢೆ, ಎಲ್ಲವೂ ಇದರಲ್ಲಿ ಬರುತ್ತವೆ. ಆ ಹೆಸರಿನ ಹಿಂದೆ ಆ ಊರಿನವರ ದುಡಿಮೆ ಇದೆ.

ಮುಖದ ನಿಯಮ ಗಟ್ಟಿಯಾದದ್ದು ಅದೇ ಹಬ್ಬದಲ್ಲಿ. ನಿಯಮ ಮೀರಿ, ಹೋಳಿಗೆ ಬಡಿಸುವ ಹೆಂಗಸಿನ ಚಿತ್ರ ಒಂದು ಎಐನಲ್ಲಿ ತಯಾರಾಗಿತ್ತು. ಮಾಲೀಕರ ಸೊಸೆ ನೋಡಿ, "ಇವ್ರು ನಮ್ಮ ಆ್ಯಡ್ ಮಾಡ್ಯಾರೇನ್ರೀ?" ಎಂದು ಒಬ್ಬ ನಟಿಯ ಹೆಸರು ಹೇಳಿದರು. ಪ್ರಾಂಪ್ಟಿನಲ್ಲಿ ಯಾರ ಹೆಸರೂ ಇರಲಿಲ್ಲ. ಆದರೂ ಗೂಗಲ್ ಲೆನ್ಸ್‌ಗೆ ಹಾಕಿದರೆ ಆ ನಟಿಯ ಫೋಟೋಗಳೇ ಸಾಲುಸಾಲಾಗಿ ಬಂದವು. ಸೊಸೆಗೆ ಹಾಗೆ ಅನಿಸಿದರೆ ಗಿರಾಕಿಗೂ ಅನಿಸುತ್ತದೆ. 2023ರಲ್ಲಿ ದೆಹಲಿ ಹೈಕೋರ್ಟ್ ನಟ ಅನಿಲ್ ಕಪೂರ್ ಅವರ ಹೆಸರು, ಮುಖ, ದನಿಯನ್ನು ಅವರ ಒಪ್ಪಿಗೆ ಇಲ್ಲದೆ ವ್ಯಾಪಾರಕ್ಕೆ ಬಳಸದಂತೆ ತಡೆ ಕೊಟ್ಟಿತು. ಎಐನಿಂದ ಮಾಡಿದ ಚಿತ್ರಗಳೂ ಅದರಲ್ಲಿ ಸೇರಿವೆ. ನಾವು ಆ ಚಿತ್ರ ಅಳಿಸಿದೆವು. ಈಗ ಮುಖ ಬೇಕಾದರೆ ನಿಜವಾದ ಜನ, ಕೈಯಲ್ಲಿ ಸಹಿ ಮಾಡಿದ ಒಪ್ಪಿಗೆ ಪತ್ರ. ಎಷ್ಟೋ ಸಲ ಬಡಿಸುವ ಕೈ ಮಾತ್ರ ಸಾಕಾಗುತ್ತದೆ. ಆ ಕೈ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದ ಒಬ್ಬ ಅಕ್ಕನದು. ಅವರಿಗೆ ಅದಕ್ಕೆ ದುಡ್ಡು ಕೊಡುತ್ತೇವೆ.

ಪ್ರಾಂಪ್ಟಿನಲ್ಲಿ ಬದುಕಿರುವ ಕಲಾವಿದರ, ಸಿನಿಮಾದ, ಬೇರೆ ಕಂಪನಿಯ ಹೆಸರು ಬರೆಯುವಂತಿಲ್ಲ. ರವಿವರ್ಮನ ಚಿತ್ರದ ಹಾಗೆ ಬೇಕು ಎಂದು ಮಾಲೀಕರು ಒಮ್ಮೆ ಕೇಳಿದ್ದರು. ಅದಕ್ಕೆ ಅಡ್ಡಿಯಿಲ್ಲ. ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ. ನಮ್ಮಲ್ಲಿ ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಕಾಪಿರೈಟ್ ಇರುತ್ತದೆ, ಅದು ಮುಗಿದು ಬಹಳ ಕಾಲವಾಯಿತು. ಇವತ್ತು ಮೈಸೂರಿನಲ್ಲಿ ಕೂತು ಬರೆಯುತ್ತಿರುವವರ ಹೆಸರು ಹಾಕುವುದು ಬೇರೆ ಮಾತು.

ಈ ಚಿತ್ರಗಳ ಮಾಲೀಕತ್ವದ ಬಗ್ಗೆ ಕೆಲಸ ಕೊಟ್ಟ ಕಂಪನಿಗೆ ಮೊದಲೇ ಹೇಳಿಬಿಡುತ್ತೇನೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಕಂಪ್ಯೂಟರಿನಿಂದ ಆದ ಕೃತಿಗೆ ಅದನ್ನು ಮಾಡಿಸಿದ ವ್ಯಕ್ತಿಯೇ ಕರ್ತೃ. ಆದರೆ ಆ ಮಾತು ಬರೆದ ಕಾಲದಲ್ಲಿ ಇಂಥ ಟೂಲ್‌ಗಳು ಇರಲಿಲ್ಲ. ಅಮೆರಿಕದಲ್ಲಂತೂ ಮನುಷ್ಯ ಮಾಡಿದ್ದಕ್ಕೆ ಮಾತ್ರ ಕಾಪಿರೈಟ್. ನಮ್ಮ ಚಟ್ನಿಪುಡಿ ಅಲ್ಲಿಯ ಕನ್ನಡಿಗರ ಮನೆಗೂ ಹೋಗುತ್ತದೆ. ಆದ್ದರಿಂದ ಪ್ಯಾಕೆಟ್ ಮೇಲಿನ ಅಜ್ಜಿಯ ಚಿತ್ರವನ್ನು ಒಬ್ಬ ಕಲಾವಿದರಿಂದ ಕೈಯಲ್ಲೇ ಬರೆಸಿದೆವು. ಯಾರಾದರೂ ಕದ್ದರೆ ಕೇಳುವ ಹಕ್ಕು ಗಟ್ಟಿಯಾಗಿ ಇರಬೇಕಾದದ್ದು ಅದಕ್ಕೇ. ಇಲ್ಲೂ ಒಂದು ಕೊಕ್ಕೆ ಇದೆ. ಕಲಾವಿದರಿಂದ ಹಕ್ಕು ಬರೆಸಿಕೊಳ್ಳುವ ಪತ್ರದಲ್ಲಿ ಎಷ್ಟು ಕಾಲ ಎಂದು ಬರೆಯದಿದ್ದರೆ ಕಾಯ್ದೆಯ 19ನೇ ಸೆಕ್ಷನ್ ಅದನ್ನು 5 ವರ್ಷ ಎಂದು ತಿಳಿಯುತ್ತದೆ. ಯಾವ ದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ನಮ್ಮ ಮೊದಲ ಪತ್ರದಲ್ಲಿ ಎರಡೂ ಇರಲಿಲ್ಲ. ವಕೀಲರು ತೋರಿಸಿದ ಮೇಲೆ ಕಲಾವಿದರ ಜೊತೆ ಕೂತು, ಇನ್ನಷ್ಟು ಹಣ ಕೊಟ್ಟು, ಹೊಸ ಪತ್ರ ಮಾಡಿದೆವು.

ಟೂಲ್‌ನ ಷರತ್ತುಗಳನ್ನೂ ಓದಬೇಕು. ಮಿಡ್‌ಜರ್ನಿಯಲ್ಲಿ ಮಾಡಿದ ಚಿತ್ರ ಸಾಮಾನ್ಯವಾಗಿ ಎಲ್ಲರಿಗೂ ಕಾಣುತ್ತದೆ. ಮರೆಮಾಡುವ ಸ್ಟೆಲ್ತ್ ಮೋಡ್ ಇರುವುದು ಪ್ರೊ ಮತ್ತು ಮೆಗಾ ಪ್ಲಾನ್‌ಗಳಲ್ಲಿ. ವರ್ಷಕ್ಕೆ 10 ಲಕ್ಷ ಡಾಲರಿಗಿಂತ ಜಾಸ್ತಿ ಆದಾಯದ ಕಂಪನಿಗಳು ಈ ಎರಡರಲ್ಲಿ ಒಂದನ್ನು ತೆಗೆದುಕೊಳ್ಳಲೇಬೇಕು. ಇನ್ನೂ ಬಿಡುಗಡೆ ಆಗದ ಪ್ಯಾಕೆಟ್ಟನ್ನು ನಾವು ಯಾವ ಟೂಲ್‌ಗೂ ಹಾಕುವುದಿಲ್ಲ.

ಪ್ರತಿ ಚಿತ್ರಕ್ಕೂ ಒಂದು ಎಕ್ಸೆಲ್ ಸಾಲು ಇದೆ. ತಾರೀಖು, ಯಾರು ಮಾಡಿದ್ದು, ಟೂಲ್ ಮತ್ತು ವರ್ಷನ್, ಪೂರ್ತಿ ಪ್ರಾಂಪ್ಟ್, ಯಾವ ಮಾದರಿ ಫೋಟೋ, ಲೆನ್ಸ್‌ನಲ್ಲಿ ಹುಡುಕಿದಾಗ ಏನು ಸಿಕ್ಕಿತು, ಯಾರು ಒಪ್ಪಿದರು. ಹುಡುಕುವ ಮುಂಚೆ ಚಿತ್ರವನ್ನು 200% ದೊಡ್ಡದು ಮಾಡಿ ಮೂಲೆಗಳನ್ನು ನೋಡುತ್ತೇವೆ. ಸ್ಟಾಕ್ ಫೋಟೋ ಕಂಪನಿಗಳ ವಾಟರ್‌ಮಾರ್ಕಿನ ನೆರಳು ಅಲ್ಲಿ ಇಣುಕುವುದುಂಟು. ಅಂಥ ಒಂದು ಕಂಪನಿ ಗೆಟ್ಟಿ ಇಮೇಜಸ್, ಚಿತ್ರ ಮಾಡುವ ಎಐನ ಕಂಪನಿ ಸ್ಟೆಬಿಲಿಟಿ ಎಐ ಮೇಲೆ ಇಂಗ್ಲೆಂಡಿನಲ್ಲಿ ಹಾಕಿದ ಕೇಸಿನಲ್ಲಿ, 2025ರ ನವೆಂಬರಿನಲ್ಲಿ ಕೋರ್ಟ್ ಒಪ್ಪಿದ ಸಣ್ಣ ಭಾಗ ಇಂಥ ವಾಟರ್‌ಮಾರ್ಕಿನದೇ. ಕಲ್ಲಿನ ಮೇಲೆ ಮಬ್ಬು ಅಕ್ಷರದಂಥ ಗೀಟು ಕಂಡರೆ ಅಳಿಸಿ ಸರಿಮಾಡುವುದಿಲ್ಲ, ಇಡೀ ಚಿತ್ರವನ್ನೇ ಬಿಡುತ್ತೇವೆ.

ಈ ಕಟ್ಟುಪಾಡಿನ ಮುಂಚೆ ಮಾಡಿದ 41 ಚಿತ್ರಗಳು ಕಂಪನಿಯ ಪೇಜಿನಲ್ಲಿದ್ದವು. ಒಂದೊಂದನ್ನೂ ತೆಗೆದು ನೋಡಿದೆವು. 26 ಉಳಿದವು. ತೆಗೆದುಹಾಕಿದ 15ರಲ್ಲಿ ಆರಕ್ಕೆ ಈಗಾಗಲೇ ನಿಜವಾದ ಫೋಟೋ ಬಂದಿದೆ. ಇನ್ನುಳಿದವಕ್ಕೆ ಹೊಸ ಬೆಳೆಯ ಮೆಣಸಿನಕಾಯಿ ಬ್ಯಾಡಗಿ ಮಾರುಕಟ್ಟೆಗೆ ಬರಲಿ ಎಂದು ಕಾಯುತ್ತಿದ್ದೇವೆ. ಚೀಲ ಬಿಚ್ಚುವ ದಿನ ಕ್ಯಾಮೆರಾ ತೆಗೆದುಕೊಂಡು ಅಲ್ಲಿಗೇ ಹೋಗುವುದು ಎಂದು ಮಾಲೀಕರ ಜೊತೆ ಮಾತಾಗಿದೆ.